ಮಂಗಳೂರಿನ ಅಂಗಡಿಗಳ ರೀಲ್ಸ್ ಮಾಡುತ್ತೇನೆ, ಮನೆ ಕಾಸರಗೋಡಿನಲ್ಲಿ: ಜಿಎಸ್‌ಟಿ ಬೇಕೇ?

ಪ್ರಶ್ನೆ (ಬದಿಯಡ್ಕದ ಸದಸ್ಯ): ಸರ್, ಹೋಟೆಲ್ ಮತ್ತು ಬಟ್ಟೆ ಅಂಗಡಿಗಳ ರೀಲ್ಸ್ ಮಾಡುತ್ತೇನೆ. 2025-26ರಲ್ಲಿ ಮಂಗಳೂರು, ಪುತ್ತೂರಿನ ಅಂಗಡಿಗಳಿಂದ ಖಾತೆಗೆ 4,12,000 ರೂಪಾಯಿ ಬಂತು. ಯೂಟ್ಯೂಬ್‌ನಿಂದ 2,10,000. ಒಂದು ಮಳಿಗೆಯವರು 32,000 ರೂಪಾಯಿಯ ಮೊಬೈಲ್ ಕೊಟ್ಟರು, ಅದು ನನ್ನ ಬಳಿಯೇ ಇದೆ. ಚಿನ್ನದ ಮಳಿಗೆಯೊಂದು 80,000ದಲ್ಲಿ 8,000 ಹಿಡಿದು ಉಳಿದದ್ದನ್ನು ಹಾಕಿತು. ನಾನು ನೋಂದಣಿ ಮಾಡಿಸಬೇಕೇ? ಲೆಕ್ಕಪುಸ್ತಕ ಬರೆಯಬೇಕೇ?

ಉಪ್ಪಳದ ಸದಸ್ಯ: ತಮ್ಮಾ, ತಲಪಾಡಿ ದಾಟಿದರೆ ಬೇರೆ ರಾಜ್ಯ. ಬೇರೆ ರಾಜ್ಯಕ್ಕೆ ಬಿಲ್ ಹಾಕಿದರೆ ಮೊದಲ ರೂಪಾಯಿಯಿಂದಲೇ ಜಿಎಸ್‌ಟಿ ಕಡ್ಡಾಯ. ನನ್ನ ಭಾವನಿಗೆ ಅವನ ಲೆಕ್ಕಿಗರು ಹಾಗೆಯೇ ಹೇಳಿದ್ದಾರೆ.

ತೆರಿಗೆ ಸಲಹೆಗಾರ, ಕಾಸರಗೋಡು: ನಿಮ್ಮ ಭಾವ ಸರಕು ಮಾರುವವರಿರಬೇಕು, ಅವರಿಗೆ ಹೇಳಿದ್ದು ಸರಿ. ರೀಲ್ಸ್ ಸರಕಲ್ಲ, ಸೇವೆ. ಬೇರೆ ರಾಜ್ಯದವರಿಗೆ ಸೇವೆ ಕೊಡುವವರಿಗೆ 2017ರಲ್ಲೇ ವಿನಾಯಿತಿ ಬಂದಿದೆ. ವರ್ಷದ ಒಟ್ಟು ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ. ತಲಪಾಡಿ ಇಲ್ಲಿ ಅಡ್ಡ ಬರುವುದಿಲ್ಲ.

ಆದರೆ 20 ಲಕ್ಷವನ್ನು ಲಾಭದ ಮೇಲೆ ಎಣಿಸುವುದಲ್ಲ, ಬಂದ ಒಟ್ಟು ಹಣದ ಮೇಲೆ. ತಪ್ಪು ಹೆಚ್ಚಾಗಿ ಆಗುವುದು ಇಲ್ಲಿಯೇ. ಖಾತೆಗೆ 4,12,000 ಬಂದಿದೆ ಎಂದಿರಿ. ಚಿನ್ನದ ಮಳಿಗೆ ಹಿಡಿದ 8,000 ಕೂಡ ನಿಮ್ಮ ದುಡಿಮೆಯೇ, ನಿಮ್ಮ ಪಾನ್ ಹೆಸರಿನಲ್ಲಿ ತೆರಿಗೆಯಾಗಿ ಸರ್ಕಾರಕ್ಕೆ ಹೋಗಬೇಕಾದದ್ದು. ಹಾಗಾಗಿ ಅಂಗಡಿಗಳ ಬಾಬತ್ತು 4,20,000. ಯೂಟ್ಯೂಬ್ ಹಣ ವಿದೇಶದಿಂದ ಬಂದರೂ ಒಟ್ಟಿಗೆ ಸೇರುತ್ತದೆ. ಮೊಬೈಲ್ ನಿಮ್ಮಲ್ಲೇ ಉಳಿದಿದೆಯಾದ್ದರಿಂದ ಅದರ ಬೆಲೆಯೂ ಸಂಭಾವನೆಯೇ. ಚಿತ್ರೀಕರಣ ಮುಗಿಸಿ ವಾಪಸ್ ಕೊಟ್ಟಿದ್ದರೆ ಬೇರೆ ಮಾತು. ಎಲ್ಲ ಸೇರಿ 6,62,000. ಜಿಎಸ್‌ಟಿ ಇನ್ನೂ ದೂರವಿದೆ. ಮುಂದೆ 20 ಲಕ್ಷ ದಾಟಿದರೆ 30 ದಿನಗಳೊಳಗೆ ಅರ್ಜಿ ಹಾಕಬೇಕು, ಅದೂ ಕೇರಳದಲ್ಲಿ. ನೀವು ಕೂತು ಕೆಲಸ ಮಾಡುವುದು ಬದಿಯಡ್ಕದಲ್ಲಿ ತಾನೇ.

ಮಂಜೇಶ್ವರದ ಸದಸ್ಯೆ: ನಾನು ಇನ್‌ಸ್ಟಾಗ್ರಾಮ್‌ನಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಮಾರುತ್ತೇನೆ. ಹೆಚ್ಚಿನ ಗಿರಾಕಿಗಳು ಮಂಗಳೂರಿನವರು, ಕೊರಿಯರ್‌ನಲ್ಲಿ ಕಳುಹಿಸುತ್ತೇನೆ. ನನಗೂ 20 ಲಕ್ಷದವರೆಗೆ ಚಿಂತೆ ಇಲ್ಲವಲ್ಲ ಸರ್?

ತೆರಿಗೆ ಸಲಹೆಗಾರ: ಚಿಂತೆ ಇದೆ ಅಕ್ಕಾ. ಉಪ್ಪಳದವರು ಹೇಳಿದ್ದು ಅನ್ವಯಿಸುವುದು ನಿಮಗೆ. ಉಪ್ಪಿನಕಾಯಿ ತೆರಿಗೆ ಇರುವ ಸರಕು, ಗಡಿ ದಾಟಿ ಹೋಗುತ್ತಿದೆ. ಮೊತ್ತ ಸಣ್ಣದೆಂದು ಬಿಡುವಂತಿಲ್ಲ. ಕೊರಿಯರ್ ರಶೀದಿಗಳನ್ನೆಲ್ಲ ಹಿಡಿದುಕೊಂಡು ಕಚೇರಿಗೆ ಬನ್ನಿ.

ಈಗ ಬದಿಯಡ್ಕದವರ ಆದಾಯ ತೆರಿಗೆ. ಒಟ್ಟು ಹಣದ ಅರ್ಧವನ್ನು ಆದಾಯವೆಂದು ತೋರಿಸುವ ಅಂದಾಜು ಪದ್ಧತಿಯಿದೆ. ಅದರಲ್ಲಿ ನಿಮ್ಮ ಆದಾಯ 3,31,000. ಹೊಸ ತೆರಿಗೆ ಪದ್ಧತಿಯ 4 ಲಕ್ಷದ ಮಿತಿಯೊಳಗೇ ಇದೆ, ತೆರಿಗೆ ಇಲ್ಲ. ಪೂರ್ಣ ಲೆಕ್ಕಪುಸ್ತಕವೂ ಬೇಕಿಲ್ಲ. ಬೇರೆ ಆದಾಯವಿಲ್ಲದಿದ್ದರೆ ರಿಟರ್ನ್ ಸಲ್ಲಿಸುವ ಕಡ್ಡಾಯವೂ ಇಲ್ಲ. ಆದರೆ ಸಲ್ಲಿಸದಿದ್ದರೆ ಆ 8,000 ಮರಳಿ ಬರುವುದಿಲ್ಲ. ಮೊದಲು ನಿಮ್ಮ ಪಾನ್‌ಗೆ ಕಟ್ಟಿದ ತೆರಿಗೆಯ ಪಟ್ಟಿಯಾದ 26ಎಎಸ್ ತೆರೆದು ಚಿನ್ನದ ಮಳಿಗೆ ಹಣ ಕಟ್ಟಿದೆಯೇ ಎಂದು ನೋಡಿ. ಹಿಡಿದುಕೊಂಡು ಕಟ್ಟದೆ ಇರುವವರೂ ಇದ್ದಾರೆ. ಮುಂದಿನ ವರ್ಷ ಒಟ್ಟು ಹಣ 10 ಲಕ್ಷ ದಾಟಿದರೆ ತೆರಿಗೆ ಬಂದರೂ ಬಾರದಿದ್ದರೂ ರಿಟರ್ನ್ ಹಾಕಲೇಬೇಕು.

ಉಪ್ಪಳದ ಸದಸ್ಯ: ಅರ್ಧ ಯಾಕೆ ಸರ್? ಇಂಥವರಿಗೆ ಆರು ಶೇಕಡಾ ತೋರಿಸಿದರೆ ಸಾಕು ಎನ್ನುತ್ತಾರೆ.

ತೆರಿಗೆ ಸಲಹೆಗಾರ: ಅದು ವ್ಯಾಪಾರದವರ ಅಂದಾಜು ಪದ್ಧತಿ. ಈಚೆಗೆ ರಿಟರ್ನ್ ನಮೂನೆಯಲ್ಲಿ ಸಾಮಾಜಿಕ ಜಾಲತಾಣದ ಪ್ರಭಾವಿಗಳಿಗೆ 16021 ಎಂಬ ಸಂಕೇತ ಬಂದಿದೆ, ಅದೂ ವೃತ್ತಿಗಳ ಸಾಲಿನಲ್ಲಿ. ಕಾನೂನಿನ ವೃತ್ತಿಪಟ್ಟಿಯಲ್ಲಿ ಅವರ ಹೆಸರಿಲ್ಲ, ಆದ್ದರಿಂದ ಅದು ವ್ಯಾಪಾರವೇ ಎಂದು ವಾದಿಸುವ ಲೆಕ್ಕಿಗರು ಇದ್ದಾರೆ. ನಾನು ಆರು ಶೇಕಡಾ ಬರೆದುಕೊಡುವುದಿಲ್ಲ. ನೋಟಿಸ್ ಬಂದಾಗ ಉತ್ತರ ಕೊಡಬೇಕಾದವರು ಹುಡುಗರು.

ಬದಿಯಡ್ಕದ ಸದಸ್ಯ: ನನ್ನ ಹೆಸರಿನಲ್ಲಿ ಸ್ವಲ್ಪ ಅಡಿಕೆ ತೋಟವಿದೆ ಸರ್. ಆ ಹಣವೂ ಅದೇ ಖಾತೆಗೆ ಬರುತ್ತದೆ.

ತೆರಿಗೆ ಸಲಹೆಗಾರ: ಇದನ್ನು ಮೊದಲೇ ಹೇಳಬೇಕಿತ್ತು! ಕೃಷಿ ಆದಾಯ 5,000 ದಾಟಿದರೆ ಸರಳ ನಮೂನೆ ಐಟಿಆರ್-4 ನಿಮಗೆ ಸಿಗುವುದಿಲ್ಲ, ಐಟಿಆರ್-3 ತುಂಬಬೇಕು. ರೀಲ್ಸ್ ಹಣಕ್ಕೆ ಬೇರೆ ಖಾತೆ ತೆರೆಯಿರಿ. ಪ್ರತಿ ಕೆಲಸಕ್ಕೂ ದಿನಾಂಕ, ಅಂಗಡಿ, ಒಪ್ಪಿದ ಮೊತ್ತ, ಹಿಡಿದದ್ದು ಎಷ್ಟು, ವಸ್ತು ಕೊಟ್ಟಿದ್ದರೆ ಅದರ ಬೆಲೆ, ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅಡಿಕೆ ಮಾರಿದ ಚೀಟಿಗಳು ಇವೆಯೇ?

ಬದಿಯಡ್ಕದ ಸದಸ್ಯ: ಅಪ್ಪನ ಬಳಿ ಇರಬೇಕು, ಕೇಳಿ ಹೇಳುತ್ತೇನೆ.