ಇಳಿತ ಒಂದೇ ಇದ್ದರೂ ಉತ್ತರ ತಪ್ಪು ಬರ್ತಿದೆ

ಪ್ರಶ್ನೆ: ಹೆಚ್ಚೆಂದರೆ ಒಂದು ಸಂಖ್ಯೆ ಬದಲಿಸಿ ಅರೇಯನ್ನು ಎಲ್ಲೂ ಇಳಿಯದ ಹಾಗೆ ಮಾಡಬಹುದಾ ಅಂತ ನೋಡಬೇಕು. ಇಳಿತ ಎಷ್ಟಿದೆ ಎಣಿಸಿ, 1 ದಾಟದಿದ್ದರೆ `True` ಅಂತಿದ್ದೀನಿ. `[3, 4, 2, 3]` ಕೈಕೊಡ್ತಿದೆ. ನೀವೆಲ್ಲ ಹೇಗೆ ಮಾಡಿದ್ರಿ?

ಎಡಗೈ: ಇಳಿತ ಸಿಕ್ಕ ಕೂಡಲೇ ಎಡಗಡೆಯದನ್ನು ಬಲಗಡೆಯದಕ್ಕೆ ಸಮ ಮಾಡಿ, ಮೊದಲಿಂದ ಇನ್ನೊಮ್ಮೆ ನೋಡಿ. `[4, 2, 3]` ಆಗ `[2, 2, 3]` ಆಗುತ್ತೆ. ನನ್ನ ಕೋಡ್ ಇಷ್ಟೇ, ನೆಟ್ಟಗೆ ನಡೀತಿದೆ.

ಹಿಂದಿನಿಂದ ಎರಡು: ನಡೆಯಲ್ಲ. `[5, 7, 1, 8]` ಕೊಟ್ಟು ನೋಡಿ. 7 ಅನ್ನು 1ಕ್ಕೆ ಇಳಿಸಿದರೆ ಅದರ ಹಿಂದಿನ 5 ಅಡ್ಡ ಬರುತ್ತೆ. ಅಲ್ಲಿ 1 ಅನ್ನೇ 7ಕ್ಕೆ ಏರಿಸಬೇಕು. ಯಾವುದನ್ನು ಮುಟ್ಟಬೇಕು ಅಂತ ಹೇಳೋದು ಎರಡು ಮನೆ ಹಿಂದಿನ ಸಂಖ್ಯೆ.

```python
if i < 2 or a[i-2] <= a[i]:
    a[i-1] = a[i]
else:
    a[i] = a[i-1]
```

`[3, 4, 2, 3]`ರಲ್ಲಿ 4 ಆದಮೇಲೆ 2 ಬಂತು. ಹಿಂದಿನ 3 ಆ 2ಕ್ಕಿಂತ ದೊಡ್ಡದು, ಹಾಗಾಗಿ 2 ಹೋಗಿ 4 ಆಗುತ್ತೆ. ಈಗ ಕೊನೆಯ 3 ಆ 4ರ ಎದುರು ನಿಲ್ಲಬೇಕು, ಅಲ್ಲಿ ಎರಡನೇ ಇಳಿತ. ಬರೀ ಎಣಿಸುವಾಗ ಆ 3 ಹಳೆಯ 2ರ ಎದುರು ನಿಂತು ಪಾಸಾಗಿಬಿಡುತ್ತೆ.

ಮೂಲಪ್ರತಿ: ಕರೆದವರ ಅರೇಯನ್ನೇ ತಿದ್ದೋದಾ? ಪರೀಕ್ಷಿಸು ಅಂದರೆ ಪರೀಕ್ಷಿಸಬೇಕು. ಅದೇ ಲಿಸ್ಟ್ ಇಟ್ಟುಕೊಂಡು ಎರಡನೇ ಸಲ ಕರೆದರೆ ಉತ್ತರವೇ ಬದಲಾಗಬಹುದು. ಇರೋ ಒಂದೇ ಇಳಿತ `a[p] > a[p+1]` ಆಗಿದ್ದರೆ, `a[p-1] <= a[p+1]` ಅಥವಾ `a[p] <= a[p+2]`, ಎರಡರಲ್ಲಿ ಒಂದು ನಿಜವಾದರೆ ಸಾಕು.

ಹಿಂದಿನಿಂದ ಎರಡು: ಅಂಚು ಮರೆತು ಪಾಠ ಹೇಳಬೇಡಿ! `[4, 2, 3]`ಕ್ಕೆ `p` ಸೊನ್ನೆ. ಪೈಥಾನ್‌ನಲ್ಲಿ `a[-1]` ಅಂದರೆ ಕೊನೆಯ 3, ಎರರ್ ಕೂಡ ಬರಲ್ಲ. `3 <= 2` ಸುಳ್ಳು, `4 <= 3` ಸುಳ್ಳು, ಸರಿ ಇರೋ ಅರೇ ಫೇಲ್.

ಮೂಲಪ್ರತಿ: `p == 0`, `p == n-2` ಇದ್ದರೆ ನೇರ `True`, ಸೇರಿಸಿಕೊಳ್ಳಿ. ತಿದ್ದೋದು ಆಗಲೂ ತಪ್ಪೇ.

ಉದ್ದಸಾಲು: ಇಷ್ಟು ಜಗಳ ಯಾಕೆ? ಒಂದನ್ನು ತೆಗೆದುಹಾಕಿದರೆ ಉಳಿದದ್ದು ಸಾಲಾಗುತ್ತಾ ಅಂತ ತಾನೇ ಕೇಳಿದ್ದು? ಇಳಿಯದ ಅತಿ ಉದ್ದದ ಉಪಸರಣಿ ಹುಡುಕಿ, ಉದ್ದ ಕನಿಷ್ಠ `n-1` ಇದ್ದರೆ ಆಯ್ತು. ನಾನು `bisect_left` ಹಾಕಿದ್ದೆ, `[2, 2, 2]`ಕ್ಕೆ ಉದ್ದ 1 ಬಂತು. ಸಮ ಸಂಖ್ಯೆಗಳು ಒಂದರ ಮೇಲೊಂದು ಕೂತುಬಿಡುತ್ತವೆ, `bisect_right` ಬೇಕು.

ಎಡಗೈ: ಕೇಳಿದ್ದು ಬದಲಿಸೋಕೆ ರೀ, ತೆಗೆಯೋಕಲ್ಲ.

ಹಿಂದಿನಿಂದ ಎರಡು: ಇಲ್ಲಿ ಎರಡೂ ಒಂದೇ. ತೆಗೆದ ಜಾಗಕ್ಕೆ ಪಕ್ಕದ ಸಂಖ್ಯೆಯನ್ನೇ ತುಂಬಬಹುದು. ಕಟ್ಟುನಿಟ್ಟಾಗಿ ಏರಲೇಬೇಕು ಅಂದಾಗ ಮಾತ್ರ ಬೇರೆ: `[1, 2, 5, 3, 4]`ರಲ್ಲಿ 5 ತೆಗೆಯಬಹುದು, ಬದಲಿಸೋಕೆ 2ಕ್ಕೂ 3ಕ್ಕೂ ನಡುವೆ ಪೂರ್ಣಾಂಕವೇ ಇಲ್ಲ. ಆದರೂ ಒಂದೇ ಸುತ್ತಿನ ಕೆಲಸಕ್ಕೆ `bisect` ದಂಡ.

ಉದ್ದಸಾಲು: ನಾಳೆ ಒಂದರ ಬದಲು `k` ಸಂಖ್ಯೆ ಅಂದರೆ ನನ್ನದರಲ್ಲಿ `n-1` ಜಾಗಕ್ಕೆ `n-k`, ಅಷ್ಟೇ. ನಿಮ್ಮ ಎರಡು ಮನೆ ಆಗ ಏನು ಮಾಡುತ್ತೆ?