ಮಳೆನೀರಿನ ಲೆಕ್ಕವನ್ನು ಎಂಜಿನಿಯರ್ ಅಲ್ಲದವರ ಮುಂದೆ ಇಡುವುದು ಹೇಗೆ?

ಕೇಳಿದವರು (ಸ್ವಯಂಸೇವಾ ಸಂಸ್ಥೆ, ಬೆಂಗಳೂರು ಪೂರ್ವ)

ಜೋರು ಮಳೆ ಬಂದಾಗಲೆಲ್ಲ ನಮ್ಮ ಬಡಾವಣೆಯ ತಗ್ಗು ಬೀದಿಗಳಿಗೆ ರಾಜಕಾಲುವೆ ನೀರು ನುಗ್ಗುತ್ತದೆ. ಇದರ ಬಗ್ಗೆ ವೈಟ್ ಪೇಪರ್ ಬರೆದುಕೊಡಿ ಅಂತ ನಮ್ಮನ್ನು ಕೇಳಿದ್ದಾರೆ. ಓದುವವರು ಶಾಸಕರು ಮತ್ತು ಪಾಲಿಕೆಯ ಹಿರಿಯ ಅಧಿಕಾರಿಗಳು, ಯಾರೂ ಎಂಜಿನಿಯರ್ ಅಲ್ಲ. ನಮ್ಮ ಕೈಯಲ್ಲಿರುವುದು ಸೂತ್ರಗಳೇ ತುಂಬಿದ ದಪ್ಪ ತಾಂತ್ರಿಕ ವರದಿ. ಇದನ್ನು ಅವರು ತೀರ್ಮಾನ ತೆಗೆದುಕೊಳ್ಳುವ ಹಾಗೆ, ಆಯ್ಕೆಗಳ ಸಮೇತ ಬರೆಯುವುದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ಪ್ರಚಾರ ಬರಹಗಾರ, ರಾಜಾಜಿನಗರ

ಮೊದಲ ಎರಡು ಪುಟದಲ್ಲೇ ಎಲ್ಲ ಮುಗಿಯಬೇಕು. ಸಭೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಓದುತ್ತಾರೆ, ಮೂರನೇ ಪುಟ ತಿರುಗಿಸುವುದಿಲ್ಲ. ಅಂಕಿಗಳು ಬೇಡವೇ ಬೇಡ. ನೀರು ನಿಂತ ಫೋಟೋ ಹಾಕಿ, ಕೆಳಗೆ "25 ವರ್ಷಕ್ಕೊಮ್ಮೆ ಬರುವ ಮಳೆಯನ್ನೂ ತಡೆಯುವ ಕಾಲುವೆ ಬೇಕು" ಅಂತ ಬರೆಯಿರಿ. ಅದು ಎಲ್ಲರಿಗೂ ಅರ್ಥವಾಗುತ್ತದೆ.

ಜಲ ಎಂಜಿನಿಯರ್, ಮಲ್ಲೇಶ್ವರ

ಎರಡು ಪುಟದ ಮಾತು ಸರಿ. ಆದರೆ ಆ ಸಾಲು ಎಲ್ಲರಿಗೂ ಅರ್ಥವಾಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ ಸಾರ್. ಅದರಷ್ಟು ತಪ್ಪಾಗಿ ಓದಿಸಿಕೊಳ್ಳುವ ಸಾಲು ಇನ್ನೊಂದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿತಲ್ಲ, ಅದಾದ ಮೇಲೆ ಎಷ್ಟೋ ಸಭೆಗಳಲ್ಲಿ "ದೊಡ್ಡ ಮಳೆ ಬಂದು ಹೋಯಿತು, ಇನ್ನು ಕೆಲವು ವರ್ಷ ಚಿಂತೆ ಇಲ್ಲ" ಅನ್ನುವ ಮಾತು ಕೇಳಿದ್ದೇನೆ. ಮಳೆ ಹಾಗೆ ಸರದಿ ಕಾಯುವುದಿಲ್ಲ. 25 ವರ್ಷಕ್ಕೊಮ್ಮೆ ಅಂದರೆ ಪ್ರತಿ ವರ್ಷವೂ ಅಂಥ ಮಳೆ ಬರುವ ಸಾಧ್ಯತೆ ನೂರಕ್ಕೆ 4. ಐದು ವರ್ಷದ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 18ರ ಮೇಲೆ, ಹತ್ತು ವರ್ಷದಲ್ಲಿ ನೂರಕ್ಕೆ 33ರ ಮೇಲೆ. ಶಾಸಕರಿಗೆ ಬರೆಯುವಾಗ ಐದು ವರ್ಷದ ಲೆಕ್ಕ ಕೊಡಿ. "ಈ ವಿಧಾನಸಭೆಯ ಅವಧಿಯೊಳಗೇ ಹೀಗಾಗುವ ಸಾಧ್ಯತೆ ಐದರಲ್ಲಿ ಒಂದರ ಹತ್ತಿರ" ಅಂದರೆ ತಕ್ಷಣ ತಲೆ ಎತ್ತಿ ನೋಡುತ್ತಾರೆ.

ಈಗ ಅಂಕಿಗಳ ವಿಷಯ. ಅಂಕಿ ಇಲ್ಲದೆ ಆಯ್ಕೆಗಳನ್ನು ಹೋಲಿಸಲು ಆಗುವುದಿಲ್ಲ. ಆದರೆ ವರದಿಯಲ್ಲಿರುವ ಅಂಕಿ ಬೇರೆ, ಪೇಪರ್‌ಗೆ ಬೇಕಾದ ಅಂಕಿ ಬೇರೆ. ಒಂದು ಮಾದರಿ ಲೆಕ್ಕ ಮಾಡಿ ತೋರಿಸುತ್ತೇನೆ, ನಿಮ್ಮ ವರದಿಯ ಅಂಕಿ ಹಾಕಿ ಹೀಗೇ ಮಾಡಿ.

ನಿಮ್ಮ ಕಾಲುವೆಗೆ 200 ಹೆಕ್ಟೇರ್, ಅಂದರೆ ಸುಮಾರು 500 ಎಕರೆ ನೆಲದ ನೀರು ಬರುತ್ತದೆ ಅಂದುಕೊಳ್ಳಿ. ಒಂದು ಗಂಟೆಯಲ್ಲಿ 60 ಮಿ.ಮೀ. ಮಳೆ. ಎಂಜಿನಿಯರ್‌ಗಳು ಇಲ್ಲಿ ಬಳಸುವ ಸೂತ್ರ ಇದು:

```
Q = C × i × A / 360
```

A ಅಂದರೆ ನೆಲದ ವಿಸ್ತೀರ್ಣ, ಹೆಕ್ಟೇರ್‌ನಲ್ಲಿ. i ಅಂದರೆ ಮಳೆಯ ಬಿರುಸು, ಗಂಟೆಗೆ ಮಿಲಿಮೀಟರ್‌ನಲ್ಲಿ. Q ಅಂದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಬರುತ್ತದೆ ಅನ್ನುವುದು. C ಅಂದರೆ ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು. ತೋಟ, ಖಾಲಿ ಸೈಟು ಜಾಸ್ತಿ ಇದ್ದ ಕಾಲಕ್ಕೆ C 0.5 ಅಂತ ಹಿಡಿದರೆ ಸುಮಾರು 17 ಬರುತ್ತದೆ. ಈಗ ಎಲ್ಲ ಕಾಂಕ್ರೀಟು, 0.8 ಹಿಡಿಯಿರಿ. ಸುಮಾರು 27. ಕಾಲುವೆ 4 ಮೀಟರ್ ಅಗಲ, 2 ಮೀಟರ್ ಆಳ ಇದ್ದು ನೀರು ಸೆಕೆಂಡಿಗೆ 2 ಮೀಟರ್ ಓಡಿದರೆ ಅದು ಸಾಗಿಸುವುದು 16 ಮಾತ್ರ.

ಈ ಸೂತ್ರ ಪೇಪರ್‌ನಲ್ಲಿ ಇರಬಾರದು. ಅದರಿಂದ ಹುಟ್ಟುವ ಎರಡು ಮಾತು ಇರಬೇಕು. ಮೊದಲನೆಯದು: ಮಳೆ ಅಷ್ಟೇ ಇದ್ದರೂ ನೆಲ ಬದಲಾಗಿದ್ದರಿಂದ, ಮೊದಲು ಹೆಚ್ಚುಕಡಿಮೆ ಸಾಕಾಗುತ್ತಿದ್ದ ಕಾಲುವೆ ಈಗ ಸಾಲದು. ಎರಡನೆಯದು: ಕಾಲುವೆಯಲ್ಲಿ ಹಿಡಿಸದ ನೀರು ಎಲ್ಲಿಗೆ ಹೋಗುತ್ತದೆ? ಸೆಕೆಂಡಿಗೆ ಸುಮಾರು 10.7 ಘನ ಮೀಟರ್ ಮಿಕ್ಕಿದರೆ ಗಂಟೆಗೆ 3.8 ಕೋಟಿ ಲೀಟರ್. ಅದು 25 ಎಕರೆ ತಗ್ಗಿನಲ್ಲಿ ಹರಡಿದರೆ ಒಂದೂಕಾಲು ಅಡಿ ನಿಲ್ಲುತ್ತದೆ. ಇದು ಒರಟು ಲೆಕ್ಕ ಅಂತ ಅಲ್ಲೇ ಬರೆಯಿರಿ. "ಸೆಕೆಂಡಿಗೆ 27 ಘನ ಮೀಟರ್" ಅಂದರೆ ಯಾರ ಕಣ್ಣಿಗೂ ಏನೂ ಕಟ್ಟುವುದಿಲ್ಲ. ಆದರೆ ಮನೆಯೊಳಗೆ ಒಂದೂಕಾಲು ಅಡಿ ನೀರು ಅಂದರೆ ಫ್ರಿಜ್ಜು, ಮಂಚ, ಸಂಪು ಏನಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು.

ಅಪಾರ್ಟ್‌ಮೆಂಟ್ ನಿವಾಸಿ, ಸರ್ಜಾಪುರ ರಸ್ತೆ

ನಮ್ಮದೂ ಇದೇ ಕಥೆ. ಬೇಸ್‌ಮೆಂಟಿನಲ್ಲಿ ಕಾರುಗಳು ಮುಳುಗಿದವು, ಲಿಫ್ಟ್ ಹಾಳಾಯಿತು. ಪಕ್ಕದ ಕಟ್ಟಡದವರು ಕಾಲುವೆ ಒತ್ತುವರಿ ಮಾಡಿದ್ದಾರೆ ಅಂತ ನಮ್ಮ ಅನುಮಾನ. ನಾವೂ ಹೀಗೆ ವೈಟ್ ಪೇಪರ್ ಬರೆದು ಕೊಟ್ಟರೆ ತೆರವು ಮಾಡಿಸುತ್ತಾರಾ? ಯಾರ ಹೆಸರಿಗೆ ಬರೆಯಬೇಕು?

ನಿವೃತ್ತ ಅಧಿಕಾರಿ, ಬಸವನಗುಡಿ

ಅಮ್ಮಾ, ನಿಮಗೆ ಬೇಕಾದದ್ದು ದೂರು ಅರ್ಜಿ. ಸರ್ವೆ ಸ್ಕೆಚ್ ಜೊತೆ ಪಾಲಿಕೆಗೂ ತಹಶೀಲ್ದಾರರಿಗೂ ಕೊಡಿ. ವೈಟ್ ಪೇಪರ್‌ನಲ್ಲಿ ಒಬ್ಬರ ಮೇಲೆ ಆರೋಪ ಬಂದರೆ ಓದುವವರು ಉಳಿದದ್ದನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಆದರೆ ನಿಮ್ಮ ಬೇಸ್‌ಮೆಂಟ್ ಗೋಡೆಯಲ್ಲಿ ನೀರಿನ ಗೆರೆ ಇದ್ದರೆ, ನೀರು ಎಷ್ಟು ಗಂಟೆಗೆ ಏರಿತು ಅನ್ನುವುದು ಸಿಸಿಟಿವಿಯಲ್ಲಿ ಇದ್ದರೆ, ಜೋಪಾನವಾಗಿ ಇಟ್ಟುಕೊಳ್ಳಿ. ಮೇಲಿನಂಥ ಲೆಕ್ಕ ನಿಜಕ್ಕೆ ಹತ್ತಿರ ಇದೆಯಾ ಅಂತ ನೋಡಲು ಅಂಥ ಗುರುತೇ ಬೇಕು.

ಕೇಳಿದವರಿಗೆ ಒಂದು ಮಾತು. ಇಂಥ ಪೇಪರ್‌ಗಳನ್ನು ವರ್ಷಗಟ್ಟಲೆ ಓದಿದವನು ನಾನು. ನಾನು ಮೊದಲು ಹುಡುಕುತ್ತಿದ್ದದ್ದು "ಸಹಿ ಯಾರದ್ದು" ಅನ್ನುವುದನ್ನು. ಬೆಂಗಳೂರಿನಲ್ಲಿ ರಾಜಕಾಲುವೆ ಪಾಲಿಕೆಯದು, ಒಳಚರಂಡಿ ಜಲಮಂಡಳಿಯದು, ರೈಲ್ವೆ ಹಳಿ ಕೆಳಗಿನ ಮೋರಿ ರೈಲ್ವೆಯದು. ಪ್ರತಿ ಆಯ್ಕೆಯ ಎದುರಿಗೆ ಯಾವ ಇಲಾಖೆ ಒಪ್ಪಬೇಕು ಅಂತ ಬರೆಯದಿದ್ದರೆ ಪೇಪರ್ ಚೆನ್ನಾಗಿದೆ ಅಂತ ಹೊಗಳಿ ಕಡತಕ್ಕೆ ಸೇರಿಸುತ್ತಾರೆ. ಇನ್ನೊಂದು, "ಏನೂ ಮಾಡದೆ ಬಿಡುವುದು" ಕೂಡ ಒಂದು ಆಯ್ಕೆ ಅಂತ ಬರೆಯಿರಿ, ಅದರ ಖರ್ಚಿನ ಸಮೇತ. ನಡೆಯುವುದು ಜಾಸ್ತಿ ಅದೇ, ಅಲ್ವಾ?

ಜಲ ಎಂಜಿನಿಯರ್, ಮಲ್ಲೇಶ್ವರ

ಸಾರ್ ಹೇಳಿದ್ದಕ್ಕೆ ಸೇರಿಸಿ ಆಯ್ಕೆಗಳ ಭಾಗ ಹೇಳುತ್ತೇನೆ. ಪೇಪರ್ ನಿಲ್ಲುವುದು ಬೀಳುವುದು ಇಲ್ಲೇ.

ಎಲ್ಲರಿಗೂ ಮೊದಲು ಹೊಳೆಯುವುದು ಕಾಲುವೆ ಅಗಲ ಮಾಡುವುದು. 4 ಮೀಟರನ್ನು 7 ಮಾಡಿದರೆ ಅದೇ ಆಳ, ಅದೇ ವೇಗದಲ್ಲಿ 28 ಹಿಡಿಸುತ್ತದೆ. ಕಾಗದದ ಮೇಲೆ ಸಮಸ್ಯೆ ಮುಗಿಯಿತು. ಆದರೆ ಕೆಳಗಡೆ ರಸ್ತೆ ದಾಟುವ ಮೋರಿ ಹಳೆಯ ಅಳತೆಯದ್ದೇ ಆಗಿದ್ದರೆ ನೀರು ಅಲ್ಲಿ ತಡೆದು ಹಿಂದಕ್ಕೆ ಒತ್ತುತ್ತದೆ. ಮೋರಿಯನ್ನೂ ದೊಡ್ಡದು ಮಾಡಿದರೆ ಅದೇ ನೀರು ಇನ್ನೂ ಬೇಗ ಕೆಳಗಿನ ಬಡಾವಣೆಗೆ ಹೋಗುತ್ತದೆ. ಆ ಬಡಾವಣೆಯೂ ಇನ್ನೊಬ್ಬ ಶಾಸಕರ ಕ್ಷೇತ್ರದ್ದೋ ಇವರ ಕ್ಷೇತ್ರದ್ದೋ ಆಗಿರುತ್ತದೆ. "ಈ ಆಯ್ಕೆಯಿಂದ ಯಾರಿಗೆ ನೀರು ಜಾಸ್ತಿಯಾಗುತ್ತದೆ" ಅನ್ನುವ ಸಾಲು ಪ್ರತಿ ಆಯ್ಕೆಗೂ ಇರಲೇಬೇಕು.

ಇನ್ನೊಂದು ಆಯ್ಕೆ ಮೇಲಿನ ಕೆರೆ. ನಮ್ಮ ಊರಿನ ಕೆರೆಗಳು ಸಾಲಾಗಿ, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಬೀಳುವ ಹಾಗೆ ಇವೆ. 50 ಎಕರೆ ಕೆರೆಯನ್ನು ಮಳೆಗಾಲಕ್ಕೆ ಮುಂಚೆ ಕೋಡಿ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗೆ ಇಟ್ಟರೆ ಸುಮಾರು 10 ಕೋಟಿ ಲೀಟರ್ ಜಾಗ ಸಿಗುತ್ತದೆ. ನಿಮ್ಮ ನೀರಿನಲ್ಲಿ ನೂರಕ್ಕೆ 60 ಪಾಲು ಆ ಕೆರೆಗೇ ಹೋಗುತ್ತದೆ ಅಂದುಕೊಳ್ಳಿ. ಮೇಲೆ ಹೇಳಿದ ಮಳೆಗೆ ಕೆರೆ 29 ಸೆಂ.ಮೀ. ಏರುತ್ತದೆ, ಕೋಡಿ ಬೀಳುವುದಿಲ್ಲ. ಉಳಿದ 40 ಪಾಲು ಈಗಿರುವ ಕಾಲುವೆಯಲ್ಲೇ ಹಿಡಿಸುತ್ತದೆ. ಒಂದು ಮನೆಯನ್ನೂ ಕೆಡವಬೇಕಿಲ್ಲ.

ಇದರ ಮಿತಿಯನ್ನೂ ಇಷ್ಟೇ ಸ್ಪಷ್ಟವಾಗಿ ಬರೆಯಿರಿ. ಅದೇ ರಾತ್ರಿ ಇನ್ನೊಂದು ಅಂಥ ಮಳೆ ಬಂದರೆ 58 ಸೆಂ.ಮೀ. ಬೇಕು, ಇರುವುದು 50. ನಡುವೆ ತೂಬಿನ ಗೇಟ್ ತೆರೆಯಬೇಕು, ಅದನ್ನು ತೆರೆಯುವವರು ಯಾರು ಅನ್ನುವುದು ತೀರ್ಮಾನವಾಗಿರಬೇಕು. ಅದಕ್ಕಿಂತ ದೊಡ್ಡ ತೊಡಕು ಕೊಳಚೆ ನೀರು. ದಿನಕ್ಕೆ 50 ಲಕ್ಷ ಲೀಟರ್ ಕೊಳಚೆ ಕೆರೆಗೆ ಬರುತ್ತಿದ್ದರೆ, ನೀವು ಕಷ್ಟಪಟ್ಟು ಮಾಡಿದ ಆ ಅರ್ಧ ಮೀಟರ್ ಜಾಗ 20 ದಿನದಲ್ಲಿ ತುಂಬಿಹೋಗುತ್ತದೆ. ಬೇಸಿಗೆಯಲ್ಲೂ ತುಂಬಿ ನಿಂತ ಕೆರೆ ನೋಡಿ ಜನ ಖುಷಿಪಡುತ್ತಾರೆ. ಪ್ರವಾಹದ ದೃಷ್ಟಿಯಿಂದ ಅದು ಕೆಟ್ಟ ಸುದ್ದಿ. ಓದುವವರಿಗೆ ಇದನ್ನು ಬಿಡಿಸಿ ಹೇಳದಿದ್ದರೆ "ಕೆರೆ ನೀರು ಖಾಲಿ ಮಾಡಿಸಲು ಹೇಳುತ್ತಿದ್ದಾರೆ" ಅಂತಲೇ ಸುದ್ದಿಯಾಗುತ್ತದೆ.

ಪ್ರಚಾರ ಬರಹಗಾರ, ರಾಜಾಜಿನಗರ

ಇದು ಸರಿ ಅನ್ನಿಸುತ್ತಿದೆ. ಹಾಗಾದರೆ ಕೆರೆ ಆಯ್ಕೆಯೇ ಒಳ್ಳೆಯದು ಅಂತ ಮೊದಲ ಸಾಲಿನಲ್ಲೇ ಹೇಳಿಬಿಡಬಹುದಲ್ಲ?

ನಿವೃತ್ತ ಅಧಿಕಾರಿ, ಬಸವನಗುಡಿ

ಬೇಡ. ಸಂಸ್ಥೆಯೊಂದು ಮೊದಲೇ ತೀರ್ಪು ಕೊಟ್ಟರೆ ಅದು ಅವರ ಬೇಡಿಕೆ ಅನ್ನಿಸಿಕೊಳ್ಳುತ್ತದೆ. ಆಯ್ಕೆಗಳನ್ನು ಇಡಿ, ಆರಿಸುವುದನ್ನು ಅವರಿಗೆ ಬಿಡಿ.

ಜಲ ಎಂಜಿನಿಯರ್, ಮಲ್ಲೇಶ್ವರ

ಇಲ್ಲಿ ನನ್ನ ಅಭಿಪ್ರಾಯ ಬೇರೆ ಸಾರ್. ಬರೆದವರಿಗೇ ಅಭಿಪ್ರಾಯ ಇಲ್ಲದ ಪೇಪರ್ ಕೊನೆಗೆ ಗುತ್ತಿಗೆಯ ಅಂದಾಜು ಪಟ್ಟಿ ಯಾವುದಕ್ಕೆ ತಯಾರಿದೆಯೋ ಆ ಕಡೆ ವಾಲುತ್ತದೆ. ಅದು ಸಾಮಾನ್ಯವಾಗಿ ಕಾಂಕ್ರೀಟು. "ಕೊಳಚೆ ಬೇರೆ ಕಡೆ ತಿರುಗಿಸಲು ಸಾಧ್ಯವಾದರೆ ಕೆರೆ, ಆಗದಿದ್ದರೆ ಮೋರಿ ಮತ್ತು ಕಾಲುವೆ" ಅಂತ ಷರತ್ತು ಹಾಕಿಯಾದರೂ ಹೇಳಬೇಕು ಅನ್ನುತ್ತೇನೆ.

ನಿವೃತ್ತ ಅಧಿಕಾರಿ, ಬಸವನಗುಡಿ

ಷರತ್ತಿನ ಜೊತೆ ಆದರೆ ನೋಡಬಹುದು. ಆದರೂ ಅದು ಮುಖಪುಟದಲ್ಲಿ ಬೇಡ ಅನ್ನುವುದೇ ನನ್ನ ಮಾತು.

ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ನಮ್ಮ ವರದಿಯಲ್ಲಿ ಕೆರೆಗೆ ಎಷ್ಟು ಕೊಳಚೆ ಬರುತ್ತದೆ ಅನ್ನುವುದೇ ಇಲ್ಲ. ಇದನ್ನು ನಾವೇ ಅಳೆಯಬಹುದಾ?

ಜಲ ಎಂಜಿನಿಯರ್, ಮಲ್ಲೇಶ್ವರ

ಒರಟಾಗಿ ಅಳೆಯಬಹುದು ಮೇಡಂ. ಕೆಲವು ವಾರ ಮಳೆ ಇಲ್ಲದ ಫೆಬ್ರವರಿ, ಮಾರ್ಚ್‌ನಲ್ಲಿ ಕೆರೆಗೆ ಬರುವ ಕಾಲುವೆ ಹತ್ತಿರ ಹೋಗಿ. ಆಗ ಅಲ್ಲಿ ಹರಿಯುವುದು ಬಹುಪಾಲು ಕೊಳಚೆಯೇ. ಮೇಲೆ ಸಂಸ್ಕರಣಾ ಘಟಕ ಇದ್ದರೆ ಅದರ ನೀರೂ ಸೇರಿರುತ್ತದೆ, ಅದನ್ನು ವಿಚಾರಿಸಿಕೊಳ್ಳಿ. ನೇರವಾಗಿ ಹರಿಯುವ ಜಾಗದಲ್ಲಿ 10 ಮೀಟರ್ ಗುರುತು ಹಾಕಿ, ತೇಲುವ ಏನಾದರೂ ಬಿಟ್ಟು ಎಷ್ಟು ಹೊತ್ತಿಗೆ ದಾಟುತ್ತದೆ ನೋಡಿ. 20 ಸೆಕೆಂಡ್ ಆದರೆ ಮೇಲ್ಮೈ ವೇಗ ಸೆಕೆಂಡಿಗೆ ಅರ್ಧ ಮೀಟರ್. ತಳದಲ್ಲಿ ನೀರು ನಿಧಾನ, ಆದ್ದರಿಂದ 0.8ರಿಂದ ಗುಣಿಸಿ 0.4 ಹಿಡಿಯಿರಿ. ಅಗಲ 1 ಮೀಟರ್, ಆಳ 15 ಸೆಂ.ಮೀ. ಇದ್ದರೆ ದಿನಕ್ಕೆ ಸುಮಾರು 52 ಲಕ್ಷ ಲೀಟರ್.

ಬೆಳಿಗ್ಗೆ ಸ್ನಾನದ ಹೊತ್ತಿನಲ್ಲಿ ಹರಿವು ಜಾಸ್ತಿ, ನಡುರಾತ್ರಿ ಕಡಿಮೆ. ಆದ್ದರಿಂದ ದಿನದ ಬೇರೆ ಬೇರೆ ಹೊತ್ತಿನಲ್ಲಿ ಅಳೆದು ಸರಾಸರಿ ತೆಗೆಯಿರಿ. ನೀರಿಗೆ ಇಳಿಯಬೇಡಿ, ಆಳವನ್ನು ದಡದಿಂದಲೇ ಕೋಲಿನಲ್ಲಿ ನೋಡಿ. ಪೇಪರ್‌ನಲ್ಲಿ "40ರಿಂದ 60 ಲಕ್ಷ ಲೀಟರ್, ನಾವೇ ಅಳೆದದ್ದು, ಜಲಮಂಡಳಿ ಸರಿಯಾಗಿ ಅಳೆಯಬೇಕು" ಅನ್ನುವ ರೀತಿಯಲ್ಲಿ ವ್ಯಾಪ್ತಿ ಕೊಟ್ಟು ಬರೆಯಿರಿ. ಆಗ ಸಭೆಯಲ್ಲಿ ಮೊದಲ ಪ್ರಶ್ನೆ ಜಲಮಂಡಳಿಯ ಕಡೆಗೆ ಹೋಗುತ್ತದೆ.