ವಾರಕ್ಕೆ ಮೂರು ಅಂಕಿ: ದುಡ್ಡಿನ ಸಾಲು ಮಾತ್ರ ಯಾಕೆ ಸರಿ ಬರುತ್ತಿಲ್ಲ?

"ಕಾರವಾರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಜೊತೆಗೆ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಪ್ರತಿ ಭಾನುವಾರ ಮೂರು ಅಂಕಿ ಬರೆದಿಡುತ್ತೇನೆ: ಓದಿದ ಗಂಟೆ, ವ್ಯಾಯಾಮ ಮಾಡಿದ ದಿನ, ಉಳಿಸಿದ ದುಡ್ಡು. ದುಡ್ಡಿನ ಸಾಲಲ್ಲಿ ಮೂರು ವಾರ ಸೊನ್ನೆ, ಸಂಬಳದ ವಾರ ಒಮ್ಮೆಲೇ 3,000. ನೋಡಿದರೆ ಏನೂ ತಿಳಿಯುವುದಿಲ್ಲ. ನೀವೆಲ್ಲ ಹೇಗೆ ಮಾಡ್ತೀರಿ?"

ಕುಮಟಾದಿಂದ

ನಾಲ್ಕು ವರ್ಷದಿಂದ ಬರೆಯುತ್ತಿದ್ದೇನೆ ತಂಗಿ, ಮೊದಲ ವರ್ಷ ನಾನೂ ಇಲ್ಲೇ ಸಿಕ್ಕಿಬಿದ್ದಿದ್ದೆ. ಆ 3,000 ಸಂಬಳದ ದಿನ ಆಗುವ ಒಂದೇ ತೀರ್ಮಾನ. ಉಳಿದ ಮೂರು ವಾರ ನೀವು ಹೇಗೆ ಖರ್ಚು ಮಾಡಿದರೂ ಅದು ಬದಲಾಗುವುದಿಲ್ಲ. ಓದಿನ ಗಂಟೆ ಹಾಗಲ್ಲ, ಈ ವಾರ ಕೂತರೆ ಈ ವಾರವೇ ಏರುತ್ತದೆ. ದುಡ್ಡಿಗೂ ಅಂಥದ್ದೇ ಅಂಕಿ ಬೇಕು.

ನಾನು ಹೀಗೆ ಮಾಡಿದೆ. ಸಂಬಳ ಬಂದ ದಿನವೇ ಬಾಡಿಗೆ, ಮನೆಗೆ ಕೊಡುವುದು, ಗ್ಯಾಸು, ಉಳಿತಾಯ ಎಲ್ಲ ಬೇರೆ ಮಾಡಿಬಿಡುತ್ತೇನೆ. ಮಿಕ್ಕಿದ್ದನ್ನು ವಾರಕ್ಕೆ ಹಂಚುತ್ತೇನೆ. ನನಗೆ ವಾರಕ್ಕೆ 1,500 ಬರುತ್ತದೆ. ಮೀನು, ತರಕಾರಿ, ಬಸ್ಸು, ಚಹಾ ಎಲ್ಲ ಅದರಲ್ಲೇ. ಭಾನುವಾರ ರಾತ್ರಿ ಪರ್ಸ್ ಎಣಿಸಿ, ಫೋನಿನಿಂದ ಕೊಟ್ಟಿದ್ದನ್ನೂ ಸೇರಿಸಿ ನೋಡುತ್ತೇನೆ. 1,180 ಖರ್ಚಾಗಿದ್ದರೆ 320 ಬರೆದು, ಆ ಕ್ಷಣವೇ ಉಳಿತಾಯದ ಖಾತೆಗೆ ಹಾಕುತ್ತೇನೆ. ನಾಳೆ ಹಾಕೋಣ ಅಂತ ಬಿಟ್ಟರೆ ಸೋಮವಾರದ ಮೀನಿಗೇ ಹೋಗುತ್ತದೆ. ಹೆಚ್ಚು ಖರ್ಚಾದರೆ ಮೈನಸ್ ಬರೆದಿಡುತ್ತೇನೆ.

ಒಂದು ಕಡೆ ಎಚ್ಚರ ಬೇಕು. ಅಂಕಿ ಚೆಂದ ಕಾಣಲಿ ಅಂತ ಚಪ್ಪಲಿ, ಸೋಪು ತರುವುದನ್ನು ಸೋಮವಾರಕ್ಕೆ ತಳ್ಳುವ ಚಾಳಿ ಬರುತ್ತದೆ. ಅದು ಗೊತ್ತಾಗುವುದು ಮುಂದಿನ ವಾರ. ನನ್ನ ಒಂದು ತಿಂಗಳು 320, 410, ಮೈನಸ್ 260, 150. ಎರಡನೇ ವಾರದ 410ರಲ್ಲಿ ಮುಂದಕ್ಕೆ ಹಾಕಿದ ಚಪ್ಪಲಿಯ ದುಡ್ಡೂ ಇತ್ತು, ಮೂರನೇ ವಾರ ಅದೇ ಹೊಡೆತ ಕೊಟ್ಟಿತು. ಅದಕ್ಕೇ ನಾಲ್ಕೂ ವಾರ ಸೇರಿಸಿ 620 ಅಂತ ನೋಡುತ್ತೇನೆ. ಒಂದೇ ವಾರ ಹಿಡಿದು ಖುಷಿಪಡುವುದೂ ಇಲ್ಲ, ಬೇಜಾರಾಗುವುದೂ ಇಲ್ಲ.

ಅಂಕೋಲಾದಿಂದ

ನಮ್ಮದು ಸಂಬಳದ ಮನೆ ಅಲ್ಲ ಮಾರಾಯ್ರೆ, ಬೋಟಿನ ಮನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ. ಆಗ ಉಳಿಸಿದ್ದೆಷ್ಟು ಅಂತ ಕೇಳಿದರೆ ಏನು ಬರೆಯೋದು? ನಾವು ಮೇ ಕೊನೆಗೆ 18,000 ಬೇರೆ ಇಡುತ್ತೇವೆ. ಸುಮಾರು ಒಂಬತ್ತು ವಾರ, ವಾರಕ್ಕೆ 2,000. ಆ ದಿನಗಳಲ್ಲಿ 2,000ದಲ್ಲಿ ಎಷ್ಟು ಮಿಕ್ಕಿತು ಅನ್ನುವುದೇ ನಮ್ಮ ಅಂಕಿ. ಆಗಸ್ಟಿನಲ್ಲಿ ಬೋಟು ಹೋದ ಮೇಲೆ ಹೊಸ ಲೆಕ್ಕ. ಮಳೆಗಾಲದ ಅಂಕಿಯನ್ನು ಚಳಿಗಾಲದ ಪಕ್ಕ ಇಟ್ಟು ನೋಡಬೇಡಿ.

ಹೊನ್ನಾವರದಿಂದ

ಅಂಚೆ ಕಚೇರಿಯಲ್ಲಿ ಆರ್‌ಡಿ ಮಾಡಿಸಿ. ಐದು ವರ್ಷದ್ದು, ನಾನು ತಿಂಗಳಿಗೆ 1,000 ಕಟ್ಟುತ್ತೇನೆ. ಬರೆಯುವ ತಲೆಬಿಸಿಯೇ ಇಲ್ಲ.

ಕುಮಟಾದಿಂದ

ಆರ್‌ಡಿ ಒಳ್ಳೆಯದೇ. ಸಂಬಳದ ದಿನ ಎತ್ತಿಡುವ 3,000ಕ್ಕೆ ಸರಿಹೋಗುತ್ತದೆ. ವಾರ ಹೇಗೆ ಹೋಯ್ತು ಅಂತ ಮಾತ್ರ ಅದು ಹೇಳುವುದಿಲ್ಲ.

ಶಿರಸಿಯಿಂದ

ನಾನು ಮೂರನ್ನೂ ಸೇರಿಸಿ ನೂರಕ್ಕೆ ಅಂಕ ಹಾಕುತ್ತೇನೆ. ಓದಿಗೆ 40, ವ್ಯಾಯಾಮಕ್ಕೆ 30, ದುಡ್ಡಿಗೆ 30. ಭಾನುವಾರ ಎಂಟು ಗಂಟೆಗೇ ಬರೆಯಬೇಕು, ತಪ್ಪಿಸಬಾರದು. ಒಂದೇ ಅಂಕಿ ಆದರೆ ನೋಡಲು ಸುಲಭ ಅಲ್ವಾ?

ಕುಮಟಾದಿಂದ

ಹೊತ್ತು ಗಟ್ಟಿ ಮಾಡಿಕೊಳ್ಳುವುದು ನೂರಕ್ಕೆ ನೂರು ಸರಿ. ಸೇರಿಸುವುದು ಮಾತ್ರ ಬೇಡ. ನಾನೂ ಮಾಡಿ ನೋಡಿದ್ದೆ. ಒಂದು ವಾರ ಓದಿದ್ದು ಎರಡೇ ಗಂಟೆ, ವ್ಯಾಯಾಮ ಮತ್ತು ದುಡ್ಡು ಪೂರ್ತಿ ಬಂದಿದ್ದಕ್ಕೆ 68 ಬಂತು. ಪರೀಕ್ಷೆ ಹತ್ತಿರ ಇದ್ದಾಗ ಆ 68 ನನ್ನನ್ನು ಸುಮ್ನೆ ಕೂರಿಸಿತು.

ಕಾರವಾರದಿಂದ, ಬೇರೆಯವರು

ವ್ಯಾಯಾಮದ ಸಾಲಿಗೂ ಹೀಗೇ ಆಗುತ್ತದೆ. ನಾನು ಟಾಗೋರ್ ಬೀಚಿನಲ್ಲಿ ಓಡಿದರೆ ಮಾತ್ರ ಲೆಕ್ಕ ಅಂತ ಬರೆದಿದ್ದೆ. ಜೂನ್ ಬಂದ ಕೂಡಲೇ ಸಾಲು ಪೂರ್ತಿ ಸೊನ್ನೆ. ಈಗ ಮನೆಯೊಳಗೆ 20 ನಿಮಿಷ ಬೆವರು ಬಂದರೂ ಒಂದು ದಿನ ಅಂತ ಹಿಡಿಯುತ್ತೇನೆ. ಜ್ವರ ಬಂದ ವಾರ ಸೊನ್ನೆ ಬರೆಯದೆ ಗೆರೆ ಎಳೆಯುತ್ತೇನೆ.

ಶಿರಸಿಯಿಂದ

ಗೆರೆ ಎಳೆಯಲು ಶುರು ಮಾಡಿದರೆ ಶೀತಕ್ಕೂ ಗೆರೆ ಎಳೆಯುತ್ತೀರಿ. ಸೊನ್ನೆ ಅಂದರೆ ಸೊನ್ನೆ.

ಕಾರವಾರದಿಂದ, ಬೇರೆಯವರು

ನಾನು ಒಪ್ಪಲ್ಲ. ಮಲಗಿದ ವಾರದ ಸೊನ್ನೆಯೂ ಸೋಮಾರಿತನದ ಸೊನ್ನೆಯೂ ಆರು ತಿಂಗಳ ಮೇಲೆ ಒಂದೇ ಥರ ಕಾಣುತ್ತವೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ನನಗೆ ಹಂಚಿದರೆ ವಾರಕ್ಕೆ 1,200 ಬರುತ್ತದೆ, ಈ ವಾರದಿಂದಲೇ ಶುರು ಮಾಡಿದೆ. ಬುಧವಾರಕ್ಕೇ 540 ಹೋಗಿದೆ. ಒಂದೇ ಅನುಮಾನ. ಶುಕ್ರವಾರ ಗೆಳತಿಯ ಮದುವೆ, 500 ಮುಯ್ಯಿ ಹಾಕಬೇಕು. ಅದೂ 1,200ರೊಳಗೇ ಬರಬೇಕಾ?

ಕುಮಟಾದಿಂದ

ನಾನು ಮದುವೆ, ಔಷಧಿಗೆ ಸಂಬಳದ ದಿನವೇ ಬೇರೆ ಲಕೋಟೆ ಮಾಡುತ್ತೇನೆ. ನಿಮಗೆ ಈ ತಿಂಗಳು ಅದು ಇಲ್ಲವಲ್ಲ, ಇದರಲ್ಲೇ ಹಾಕಿ. ಮೈನಸ್ ಬಂದರೆ ಪಕ್ಕದಲ್ಲಿ "ಮದುವೆ" ಅಂತ ಬರೆದಿಡಿ.